ಇಬ್ಬರು ಮಕ್ಕಳು, ಒಂದು ಶಾಲಾ ವರ್ಷ: ಖರ್ಚಿನ ಅಂದಾಜು ಹಾಕುವುದು ಹೇಗೆ?

ಕರ್ನಾಟಕದಲ್ಲಿ ಶಾಲೆಯ ವರ್ಷ ಮೇ ಕೊನೆಗೋ ಜೂನ್ ಮೊದಲಿಗೋ ಶುರುವಾಗಿ ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಮುಗಿಯುತ್ತದೆ. ಖರ್ಚಿನ ವರ್ಷ ಅದಕ್ಕಿಂತ ಮೊದಲೇ, ಫಲಿತಾಂಶದ ಜೊತೆಗೆ ಮುಂದಿನ ತರಗತಿಯ ಫೀ ಚೀಟಿ ಕೈಗೆ ಬಂದ ದಿನವೇ ಆರಂಭವಾಗುತ್ತದೆ. ಇಬ್ಬರು ಮಕ್ಕಳಿರುವ ಮನೆಗಳಲ್ಲಿ ಸಾಮಾನ್ಯವಾಗಿ ಒಬ್ಬರ ಫೀಯನ್ನು ಎರಡರಿಂದ ಗುಣಿಸಿ, ಮೇಲೊಂದಿಷ್ಟು ಸೇರಿಸಿ, ಇಷ್ಟಾಗಬಹುದು ಎಂದುಕೊಳ್ಳುತ್ತಾರೆ. ಈ ಲೆಕ್ಕ ಎರಡು ಕಡೆ ತಪ್ಪುತ್ತದೆ. ಫೀ ಎಂಬುದು ಒಟ್ಟು ಖರ್ಚಿನ ಅರ್ಧದಷ್ಟು ಮಾತ್ರ ಎಂಬುದು ಮೊದಲನೆಯದು. ವರ್ಷದ ಹಣ ಹನ್ನೆರಡು ತಿಂಗಳಿಗೆ ಸಮನಾಗಿ ಹಂಚಿಹೋಗದೆ ಜೂನ್ ಒಂದರಲ್ಲೇ ರಾಶಿ ಬೀಳುತ್ತದೆ ಎಂಬುದು ಎರಡನೆಯದು. ಎಷ್ಟು ಬೇಕು ಎಂಬುದರ ಜೊತೆಗೆ ಯಾವಾಗ ಬೇಕು ಎಂಬುದನ್ನೂ ಹೇಳದ ಅಂದಾಜು ಮನೆಗೆ ಉಪಯೋಗಕ್ಕೆ ಬರುವುದಿಲ್ಲ.

ಖರ್ಚಿನ ಪ್ರಮಾಣವನ್ನು ಮೊದಲು ನಿರ್ಧರಿಸುವುದು ಶಾಲೆ ಯಾವ ಬಗೆಯದು ಎಂಬುದು. ಕೇಂದ್ರ ಸರ್ಕಾರ 2025ರಲ್ಲಿ ನಡೆಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಸರ್ಕಾರಿ ಶಾಲೆಗೆ ಹೋಗುವ ಮಗುವಿಗೆ ವರ್ಷಕ್ಕೆ ಸರಾಸರಿ 2,863 ರೂಪಾಯಿ ಖರ್ಚಾಗುತ್ತದೆ. ಉಳಿದ ಶಾಲೆಗಳಲ್ಲಿ ಅದು 25,002 ರೂಪಾಯಿ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಶೂ, ಕಾಲುಚೀಲ, ಬಿಸಿಯೂಟ, ಹಾಲು ಎಲ್ಲವೂ ಉಚಿತವಾಗಿರುವುದರಿಂದ ಅಲ್ಲಿನ ಮನೆಯ ಲೆಕ್ಕ ನೋಟ್‌ಬುಕ್ಕು, ಬ್ಯಾಗು ಮತ್ತು ಟ್ಯೂಷನ್‌ನಲ್ಲೇ ಮುಗಿಯುತ್ತದೆ. ಅಂದಾಜು ತಪ್ಪಿ ಪೇಚಿಗೆ ಸಿಲುಕುವುದು ಹೆಚ್ಚಾಗಿ ಅನುದಾನರಹಿತ ಖಾಸಗಿ ಶಾಲೆಗಳಿಗೆ ಮಕ್ಕಳನ್ನು ಸೇರಿಸಿದ ಮಧ್ಯಮ ವರ್ಗದ ಮನೆಗಳು. ಇಲ್ಲಿ ಅಂಥದೇ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳಲಾಗಿದೆ. ದಾವಣಗೆರೆಯಂಥ ನಗರ, ರಾಜ್ಯ ಪಠ್ಯಕ್ರಮದ ಇಂಗ್ಲಿಷ್ ಮಾಧ್ಯಮ ಶಾಲೆ, 8ನೇ ತರಗತಿಗೆ ಹೋಗಲಿರುವ ಮಗಳು, 3ನೇ ತರಗತಿಯ ಮಗ. ಅಂಕಿಗಳು ಲೆಕ್ಕದ ದಾರಿ ತೋರಿಸಲು ಇಟ್ಟವು. ಆಯಾ ಮನೆಯವರು ತಮ್ಮ ಶಾಲೆಯ ಅಂಕಿಗಳನ್ನು ಅಲ್ಲಿ ತುಂಬಿಕೊಳ್ಳಬೇಕು.

ಫೀ ಚೀಟಿಯನ್ನು ಮೇಲಿಂದ ಕೆಳಗೆ ಓದಬೇಕು. ಅಡ್ಮಿಷನ್ ಸಮಯದಲ್ಲಿ ಕೌಂಟರಿನವರು ಬಾಯಲ್ಲಿ ಹೇಳುವುದು ಬಹಳ ಸಲ ಬೋಧನಾ ಶುಲ್ಕವನ್ನು ಮಾತ್ರ. ಅದರ ಕೆಳಗೆ ಟರ್ಮ್ ಫೀ ಅಥವಾ ಅಭಿವೃದ್ಧಿ ಶುಲ್ಕ, ಕಂಪ್ಯೂಟರ್ ಮತ್ತು ಸ್ಮಾರ್ಟ್ ಕ್ಲಾಸ್, ಪರೀಕ್ಷಾ ಶುಲ್ಕ ಎಂದು ಸಾಲುಗಳಿರುತ್ತವೆ. ಉದಾಹರಣೆಯ ಮಗಳಿಗೆ ಬೋಧನಾ ಶುಲ್ಕ 38,000, ಟರ್ಮ್ ಫೀ 4,000, ಕಂಪ್ಯೂಟರಿಗೆ 3,000, ಪರೀಕ್ಷೆಗೆ 1,200, ಒಟ್ಟು 46,200 ರೂಪಾಯಿ. ಮಗನಿಗೆ ಕ್ರಮವಾಗಿ 30,000, 3,500, 2,500 ಮತ್ತು 800, ಅಂದರೆ 36,800. ಒಂದೇ ಶಾಲೆಯಲ್ಲಿ ಅಕ್ಕ-ತಮ್ಮ ಇಬ್ಬರೂ ಓದಿದರೆ ಎರಡನೆಯವರಿಗೆ ಶೇ 10 ರಿಯಾಯಿತಿ ಎಂದು ಶಾಲೆ ಹೇಳಿದೆ ಎನ್ನೋಣ. ಪೂರ್ತಿ 36,800ರ ಮೇಲೆ ಈ ರಿಯಾಯಿತಿ ಸಿಗುವುದು ಅಪರೂಪ. ಬೋಧನಾ ಶುಲ್ಕದ ಮೇಲೆ ಮಾತ್ರ ಕೊಡುವುದು ರೂಢಿ. ಹಾಗಾಗಿ ಉಳಿಯುವುದು 3,000 ರೂಪಾಯಿ, ಮಗನ ಫೀ 33,800 ಆಗುತ್ತದೆ. ಇಬ್ಬರದೂ ಸೇರಿ ಸರಿಯಾಗಿ 80,000.

ಹೊಸದಾಗಿ ಶಾಲೆಗೆ ಸೇರಿಸುವ ವರ್ಷ ಪ್ರವೇಶ ಶುಲ್ಕ, ಅರ್ಜಿ ಹಣ ಮೊದಲಾದ ಒಂದೇ ಸಲದ ಬಾಬ್ತುಗಳು ಇರುತ್ತವೆ. ಅವನ್ನು ಬೇರೆಯಾಗಿ ಬರೆದಿಡದಿದ್ದರೆ ಮುಂದಿನ ವರ್ಷದ ಅಂದಾಜು ಸುಮ್ಮನೆ ಉಬ್ಬುತ್ತದೆ. ಇನ್ನು ರಸೀದಿ ಕೊಡದೆ ಕೇಳುವ 'ಡೊನೇಷನ್' ಅಂದಾಜಿನಲ್ಲಿ ಬರಬಾರದ ಸಾಲು. 2009ರ ಶಿಕ್ಷಣ ಹಕ್ಕು ಕಾಯ್ದೆ ವಂತಿಗೆ ವಸೂಲಿಯನ್ನು ನಿಷೇಧಿಸಿದೆ. ವಸೂಲಿ ಮಾಡಿದ ಸಂಸ್ಥೆಗೆ ಆ ಮೊತ್ತದ ಹತ್ತು ಪಟ್ಟಿನವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಕಾನೂನು ಹೀಗಿದ್ದರೂ ಪೋಷಕರು ಕೊಟ್ಟು ಬರುತ್ತಾರೆ, ಅದು ಬೇರೆ ಮಾತು. ರಸೀದಿಯಿಲ್ಲದ ಹಣ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಪುಸ್ತಕದ ಖರ್ಚನ್ನು ಪಠ್ಯಪುಸ್ತಕದ ಬೆಲೆಯಿಂದ ಊಹಿಸುವವರು ಮೋಸ ಹೋಗುತ್ತಾರೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳ ಬೆಲೆ ಹೆಚ್ಚಲ್ಲ, ಅವುಗಳ ಪ್ರತಿ ಸಂಘದ ಜಾಲತಾಣದಲ್ಲಿ ಉಚಿತವಾಗಿಯೂ ಸಿಗುತ್ತದೆ. ಶಾಲೆಯಲ್ಲಿ ಕೈಗಿಡುವ ಕಟ್ಟಿನ ಭಾರವೂ ಬೆಲೆಯೂ ಇರುವುದು ಬೇರೆಡೆ. ಖಾಸಗಿ ಪ್ರಕಾಶಕರ ಇಂಗ್ಲಿಷ್ ರೀಡರ್, ವ್ಯಾಕರಣ, ಕಂಪ್ಯೂಟರ್, ಸಾಮಾನ್ಯ ಜ್ಞಾನ, ನೀತಿಪಾಠ, ಪ್ರತಿ ವಿಷಯಕ್ಕೊಂದು ವರ್ಕ್‌ಬುಕ್, ಶಾಲೆಯ ಹೆಸರು ಅಚ್ಚಾದ ನೋಟ್‌ಬುಕ್, ಡೈರಿ ಎಲ್ಲ ಅದರಲ್ಲಿರುತ್ತವೆ. ಅಕ್ಕನ ಪುಸ್ತಕ ತಮ್ಮನಿಗೆ, ಪಕ್ಕದ ಮನೆಯವರದು ತಮಗೆ ಎಂಬ ಹಳೆಯ ಪದ್ಧತಿ ಮುರಿದುಬಿದ್ದದ್ದು ಈ ವರ್ಕ್‌ಬುಕ್ಕುಗಳಿಂದ. ಒಳಗೇ ಉತ್ತರ ಬರೆದ ಪುಸ್ತಕ ಇನ್ನೊಬ್ಬರ ಉಪಯೋಗಕ್ಕೆ ಬರುವುದಿಲ್ಲ. ರೀಡರ್, ವ್ಯಾಕರಣದಂಥವು ಮಾತ್ರ ಹಳೆಯವು ನಡೆಯುತ್ತವೆ. ಅದೂ ಶಾಲೆ ಆ ವರ್ಷ ಪ್ರಕಾಶಕರನ್ನು ಬದಲಿಸದಿದ್ದರೆ. ಪುಸ್ತಕದ ಪಟ್ಟಿಯನ್ನು ಏಪ್ರಿಲ್‌ನಲ್ಲೇ ಕೇಳಿ ಪಡೆದರೆ ಯಾವುದು ಹಳೆಯದು ನಡೆಯುತ್ತದೆ ಎಂದು ನೋಡಲು ಸಮಯವಿರುತ್ತದೆ.

ನೋಟ್‌ಬುಕ್ಕಿನ ಲೆಕ್ಕ ವಿಷಯವಾರು ಎಣಿಸಿದರೆ ಸರಿಯಾಗಿ ಬರುತ್ತದೆ. 8ನೇ ತರಗತಿಗೆ ಆರು ವಿಷಯಗಳು. ಕ್ಲಾಸ್ ವರ್ಕಿಗೆ, ಹೋಂ ವರ್ಕಿಗೆ, ಕಿರುಪರೀಕ್ಷೆಗೆ ಒಂದೊಂದು ಎಂದರೂ ಹದಿನೆಂಟು ಆಯಿತು. ಗಣಿತಕ್ಕೆ ಎರಡು ಹೆಚ್ಚು ಬೇಕು. 20 ಲಾಂಗ್ ನೋಟ್‌ಬುಕ್ಕಿಗೆ ತಲಾ 60ರಂತೆ 1,200, ಜಾಮಿಟ್ರಿ ಬಾಕ್ಸ್, ಪೆನ್ನು, ಬೈಂಡ್ ಹಾಕುವ ಕಾಗದ, ಲೇಬಲ್ಲಿಗೆ 600. ಪುಸ್ತಕದ ಕಟ್ಟು 4,200 ಸೇರಿ ಮಗಳಿಗೆ 6,000 ಆಗುತ್ತದೆ. ಮಗನಿಗೆ ಕಟ್ಟು 3,800, ನೋಟ್‌ಬುಕ್ ಇತ್ಯಾದಿಗೆ 1,000, ಒಟ್ಟು 4,800. ಜೂನ್‌ನಲ್ಲಿ ಕಾಣದ ಇನ್ನೊಂದು ಖರ್ಚು ಇಲ್ಲಿದೆ. ರಾತ್ರಿ ಒಂಬತ್ತಕ್ಕೆ ನೆನಪಾಗುವ ಚಾರ್ಟ್, ಥರ್ಮಾಕೋಲ್, ಬಣ್ಣದ ಕಾಗದ, ತುಂಬಿಹೋದ ನೋಟ್‌ಬುಕ್ಕಿನ ಬದಲಿಗೆ ಹೊಸದು. ಇಬ್ಬರಿಗೂ ಸೇರಿ ತಿಂಗಳಿಗೆ 200ರಂತೆ ಹತ್ತು ತಿಂಗಳಿಗೆ 2,000 ಇಟ್ಟರೆ ಪುಸ್ತಕದ ಬಾಬ್ತು 12,800ಕ್ಕೆ ನಿಲ್ಲುತ್ತದೆ. ನೋಟ್‌ಬುಕ್, ಪೆನ್ಸಿಲ್, ರಬ್ಬರ್, ಕ್ರೇಯಾನ್‌ಗಳ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಲಾಗಿದೆ. ಹಳೆಯ ಬಿಲ್ಲು ನೋಡಿ ಅಂದಾಜು ಮಾಡುವಾಗ ಇದು ನೆನಪಿರಲಿ.

ಸಮವಸ್ತ್ರದಲ್ಲಿ ಎರಡು ಮಕ್ಕಳ ವಯಸ್ಸು, ಲಿಂಗ, ತರಗತಿ ಮೂರೂ ಲೆಕ್ಕಕ್ಕೆ ಬರುತ್ತವೆ. ಬಹಳ ಶಾಲೆಗಳಲ್ಲಿ ಹೈಸ್ಕೂಲು ಶುರುವಾಗುವ 8ನೇ ತರಗತಿಗೆ ಹುಡುಗಿಯರಿಗೆ ಸ್ಕರ್ಟ್ ಹೋಗಿ ಚೂಡಿದಾರ್ ಬರುತ್ತದೆ, ಹುಡುಗರಿಗೆ ಚಡ್ಡಿ ಹೋಗಿ ಪ್ಯಾಂಟ್ ಬರುವುದೂ ಹೀಗೆ ಯಾವುದೋ ಒಂದು ತರಗತಿಗೆ. ಆ ವರ್ಷ ಹಳೆಯ ಜೊತೆಗಳಲ್ಲಿ ಒಂದೂ ನಡೆಯುವುದಿಲ್ಲ, ಎಲ್ಲ ಹೊಸದಾಗಿ ಬರಬೇಕು. ಉಳಿದ ವರ್ಷಗಳಲ್ಲಿ ಒಂದು ಜೊತೆ ಹೊಸದು, ಒಂದು ಜೊತೆ ಹಳೆಯದು ಎಂದು ನಡೆಸಬಹುದು. ಅಕ್ಕನ ಉಡುಪು ತಮ್ಮನಿಗೆ ಬರುವುದಿಲ್ಲ. ಹೌಸ್ ಟೀಶರ್ಟ್ ಮಾತ್ರ ಬಂದೀತು, ಅದೂ ಇಬ್ಬರೂ ಒಂದೇ ಹೌಸಿನಲ್ಲಿದ್ದರೆ.

ಮಗಳಿಗೆ ಎರಡು ಜೊತೆ ಚೂಡಿದಾರ್ ತಲಾ 1,400ರಂತೆ 2,800, ಹೌಸ್ ಟೀಶರ್ಟ್ ಮತ್ತು ಟ್ರ್ಯಾಕ್ ಪ್ಯಾಂಟಿಗೆ 1,100, ಕಪ್ಪು ಶೂ 800, ಶನಿವಾರದ ಬಿಳಿ ಶೂ 500, ನಾಲ್ಕು ಜೊತೆ ಕಾಲುಚೀಲ 320, ಬೆಲ್ಟ್, ಟೈ, ಗುರುತಿನ ಚೀಟಿ 280. ಒಟ್ಟು 5,800. ಇದೇ ಕ್ರಮದಲ್ಲಿ ಮಗನಿಗೆ 2,000, 800, 600, 400, 240, 160 ಸೇರಿ 4,200. ಎಂಟು ವರ್ಷದ ಹುಡುಗನ ಕಪ್ಪು ಶೂ ಇಡೀ ವರ್ಷ ಬಾಳುವುದಿಲ್ಲ. ದಸರಾ ರಜೆ ಮುಗಿಯುವ ಹೊತ್ತಿಗೆ ಬೆರಳು ಮುಂದಕ್ಕೆ ಒತ್ತುತ್ತಿರುತ್ತದೆ, ಇಲ್ಲವೇ ಅಟ್ಟೆ ಬಾಯಿ ಬಿಟ್ಟಿರುತ್ತದೆ. ಅದಕ್ಕೆ ಇನ್ನೊಂದು 600 ಇಡಬೇಕು. ಬಟ್ಟೆ ಕೊಳ್ಳುವಾಗ ಪ್ಯಾಂಟಿನ ಕೆಳಗೆ ಮೂರು ಬೆರಳಷ್ಟು ಮಡಿಕೆ ಇದೆಯೇ ಎಂದು ನೋಡಿದರೆ ವರ್ಷದ ಕೊನೆಗೆ ಅದನ್ನು ಬಿಚ್ಚಿ ಇನ್ನೂ ಕೆಲವು ತಿಂಗಳು ಓಡಿಸಬಹುದು. ಶೂಗೆ ಇಂಥ ಉಪಾಯ ಇಲ್ಲ, ದೊಡ್ಡ ಅಳತೆ ಕೊಂಡರೆ ಮಗು ಎಡವುತ್ತದೆ. ಬ್ಯಾಗು ಎರಡು ವರ್ಷ ಬಾಳುವ ವಸ್ತು. ಇಬ್ಬರಿಗೂ ಒಂದೇ ವರ್ಷ ಕೊಳ್ಳದೆ ಸರದಿಯ ಮೇಲೆ ಕೊಂಡರೆ ವರ್ಷಕ್ಕೆ ಒಂದು ಬ್ಯಾಗು, 1,000 ರೂಪಾಯಿ. ಎಲ್ಲ ಸೇರಿ ಈ ಬಾಬ್ತು 11,600.

ಓಡಾಟದ ಖರ್ಚಿನಲ್ಲಿ ತಲೆಗೆ ಎಷ್ಟು ಎಂಬುದನ್ನು ಎಲ್ಲರೂ ಕೇಳುತ್ತಾರೆ, ಎಷ್ಟು ತಿಂಗಳಿಗೆ ಎಂಬುದನ್ನು ಕೇಳಲು ಮರೆಯುತ್ತಾರೆ. ವ್ಯಾನಿನವರು ತಿಂಗಳಿಗೆ 1,400 ಹೇಳಿದರೆ ಇಬ್ಬರಿಗೆ 2,800. ಪಾಠ ನಡೆಯುವುದು ಸುಮಾರು ಹತ್ತು ತಿಂಗಳು, ಆ ಲೆಕ್ಕಕ್ಕೆ 28,000. ಏಪ್ರಿಲ್‌ನಲ್ಲಿ ಹತ್ತೇ ದಿನ ಓಡಿದರೂ ಪೂರ್ತಿ ತಿಂಗಳಿನದನ್ನು ಕೇಳುವುದು ರೂಢಿ, ಆಗ 30,800. ಬೇಸಿಗೆ ರಜೆಯಲ್ಲೂ ಸೀಟು ಹಿಡಿದಿಡಲು ಮೇ ತಿಂಗಳಿನದನ್ನೂ ಕೇಳುವವರಿದ್ದಾರೆ, ಆಗ 33,600. ಒಂದೇ ದರ, ಒಂದೇ ವ್ಯಾನ್, ಆದರೂ ಕೊನೆಯ ಮೊತ್ತದಲ್ಲಿ 5,600ರಷ್ಟು ಅಂತರ. ಆದ್ದರಿಂದ ಜೂನ್‌ನಲ್ಲೇ ತಿಂಗಳ ಸಂಖ್ಯೆಯನ್ನೂ, ಡೀಸೆಲ್ ದರ ಏರಿದರೆ ನಡುವರ್ಷದಲ್ಲಿ ಹೆಚ್ಚಿಸುತ್ತಾರೋ ಎಂಬುದನ್ನೂ ಕೇಳಿ ಬರೆದಿಟ್ಟುಕೊಳ್ಳಬೇಕು. ಇಲ್ಲಿ ಹನ್ನೊಂದು ತಿಂಗಳ 30,800 ಎಂದು ಹಿಡಿಯಲಾಗಿದೆ.

ಇದೇ ಬಾಬ್ತಿನಲ್ಲಿ ಉಳಿತಾಯಕ್ಕೆ ದೊಡ್ಡ ಅವಕಾಶವೂ ಇದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಹುಡುಗಿಯರಿಗೂ ಟಿಕೆಟ್ ಹಣವಿಲ್ಲ. 8ನೇ ತರಗತಿಯ ಮಗಳು ಸರ್ಕಾರಿ ಸಿಟಿ ಬಸ್ಸಿನಲ್ಲಿ ಹೋಗುವಂತಿದ್ದರೆ ವರ್ಷಕ್ಕೆ 15,400 ರೂಪಾಯಿ ಉಳಿಯುತ್ತದೆ, ಅಂದರೆ ಅವಳ ಟ್ಯೂಷನ್ ಖರ್ಚು ಬಹುತೇಕ ಅಲ್ಲಿಂದಲೇ ಬರುತ್ತದೆ. ಶಾಲೆಯ ಸಮಯಕ್ಕೆ ಬಸ್ಸು ಇದೆಯೇ, ನಿಲ್ದಾಣದಿಂದ ಶಾಲೆಗೆ ನಡೆದುಹೋಗಬಹುದೇ ಎಂಬುದನ್ನು ಮೊದಲು ನೋಡಬೇಕು. ಖಾಸಗಿ ಬಸ್ಸುಗಳಿಗೆ ಈ ಯೋಜನೆ ಅನ್ವಯಿಸುವುದಿಲ್ಲವಾದ್ದರಿಂದ ಅವೇ ಹೆಚ್ಚಾಗಿ ಓಡಾಡುವ ಊರುಗಳಲ್ಲಿ ಈ ಲೆಕ್ಕ ನಡೆಯದು. ಹುಡುಗರಿಗೆ ನಿಗಮದ ರಿಯಾಯಿತಿ ಪಾಸು ಇದೆ, ಅರ್ಜಿಯನ್ನು ಸೇವಾಸಿಂಧು ಮೂಲಕ ಹಾಕಬೇಕು. 3ನೇ ತರಗತಿಯವನನ್ನು ಒಬ್ಬನೇ ಬಸ್ಸಿಗೆ ಹತ್ತಿಸಲು ಮನೆಯವರು ಒಪ್ಪುವುದು ಕಷ್ಟ, ಅವನ ವ್ಯಾನ್ ಖರ್ಚು ಹೇಗೂ ಉಳಿಯುತ್ತದೆ.

ಟ್ಯೂಷನ್ ಎಂಬುದು ವರ್ಷದ ನಡುವೆ ಬೆಳೆಯುವ ಬಾಬ್ತು. 2025ರ ಅದೇ ಸಮೀಕ್ಷೆಯಂತೆ ದೇಶದ ನೂರು ಶಾಲಾ ಮಕ್ಕಳಲ್ಲಿ ಸುಮಾರು 27 ಮಂದಿ ಟ್ಯೂಷನ್ ಅಥವಾ ಕೋಚಿಂಗಿಗೆ ಹೋಗುತ್ತಾರೆ. ಮಗನಂಥ ಚಿಕ್ಕವರಿಗೆ ಬೀದಿಯಲ್ಲೇ ಯಾರಾದರೂ ಟೀಚರ್ ಸಂಜೆ ಎಲ್ಲ ವಿಷಯ ಓದಿಸಿ ಹೋಂ ವರ್ಕ್ ಮುಗಿಸಿ ಕಳಿಸುತ್ತಾರೆ. ತಿಂಗಳಿಗೆ 600ರಂತೆ ಹತ್ತು ತಿಂಗಳಿಗೆ 6,000. ದೊಡ್ಡವಳಿಗೆ ಗಣಿತ ಮತ್ತು ವಿಜ್ಞಾನಕ್ಕೆ ತಿಂಗಳಿಗೆ 1,500, ವರ್ಷಕ್ಕೆ 15,000, ನೋಂದಣಿಗೆ 500. ಒಟ್ಟು 21,500. ಸಾಮಾನ್ಯವಾಗಿ ಅಂದಾಜು ತಪ್ಪುವುದು ಮೊದಲ ಕಿರುಪರೀಕ್ಷೆಯ ಅಂಕ ಬಂದ ಮೇಲೆ. ಇಂಗ್ಲಿಷ್‌ನಲ್ಲಿ ಕಡಿಮೆ ಬಂದಿತೆಂದು ಆಗಸ್ಟ್‌ನಲ್ಲಿ ಮೂರನೇ ವಿಷಯ ಸೇರುತ್ತದೆ, ಜನವರಿಯಲ್ಲಿ ರಿವಿಷನ್ ಬ್ಯಾಚ್ ಬರುತ್ತದೆ. ಇವನ್ನು ಮೊದಲೇ ಊಹಿಸಿ ಬರೆಯುವುದು ಸಾಧ್ಯವಿಲ್ಲ, ಆದರೆ ಬರುವ ಸಾಧ್ಯತೆ ಎಷ್ಟೆಂದು ಹಿಂದಿನ ವರ್ಷದ ಅನುಭವವೇ ಹೇಳುತ್ತದೆ. ದೊಡ್ಡ ಕೋಚಿಂಗ್ ಸಂಸ್ಥೆಯಾದರೆ ಹೇಳಿದ ದರದ ಮೇಲೆ ಶೇ 18 ಜಿಎಸ್‌ಟಿ ಸೇರಿದೆಯೇ ಎಂದು ಕೇಳಲೇಬೇಕು. ಮನೆಯಲ್ಲಿ ಪಾಠ ಹೇಳುವ ಟೀಚರಿಗೆ ಈ ಪ್ರಶ್ನೆ ಬರುವುದಿಲ್ಲ.

ಫೀ ಚೀಟಿಯಲ್ಲೂ ಇಲ್ಲದ, ಅಂಗಡಿಯ ಬಿಲ್ಲಿನಲ್ಲೂ ಕಾಣದ ಒಂದು ಚಿಲ್ಲರೆ ಕಂತೆ ಉಳಿಯುತ್ತದೆ. ಮಗಳ ಶಾಲಾ ಪ್ರವಾಸಕ್ಕೆ 2,500, ಮಗನ ಒಂದು ದಿನದ ಪಿಕ್‌ನಿಕ್ಕಿಗೆ 600, ವಾರ್ಷಿಕೋತ್ಸವದ ನೃತ್ಯಕ್ಕೆ ಬಾಡಿಗೆ ಉಡುಪು ಇಬ್ಬರಿಗೂ 1,600, ಚಿತ್ರಕಲಾ ಪರೀಕ್ಷೆ, ಒಲಿಂಪಿಯಾಡ್ ಎಂದು 600. ಒಟ್ಟು 5,300.

ಎಲ್ಲ ಬಾಬ್ತುಗಳನ್ನು ಕೂಡಿದರೆ 1,62,000 ರೂಪಾಯಿ. ಇದರಲ್ಲಿ ಶಾಲೆಯ ಫೀ 80,000, ಉಳಿದ 82,000 ಫೀಯ ಹೊರಗಿನದು. ಇದರ ಮೇಲೆ ಶೇ 5ರಷ್ಟು, ಅಂದರೆ 8,100, ಊಹಿಸದ ಖರ್ಚಿಗೆಂದು ಇಟ್ಟರೆ 1,70,100 ಆಗುತ್ತದೆ. ತಿಂಗಳಿಗೆ ಹಂಚಿದರೆ 14,175.

ಈಗ ಇದೇ ಮೊತ್ತವನ್ನು ಕ್ಯಾಲೆಂಡರಿನ ಮೇಲೆ ಇಡಬೇಕು. ಶಾಲೆ ಅರ್ಧ ಫೀಯನ್ನು ಶುರುವಿನಲ್ಲಿ, ಉಳಿದದ್ದನ್ನು ಸೆಪ್ಟೆಂಬರ್ ಮತ್ತು ಡಿಸೆಂಬರ್‌ನಲ್ಲಿ ಎರಡು ಕಂತಾಗಿ ಕಟ್ಟಿಸಿಕೊಳ್ಳುತ್ತದೆ ಎಂದುಕೊಳ್ಳೋಣ. ಮೇ ಕೊನೆಯಿಂದ ಜೂನ್ ಮುಗಿಯುವುದರೊಳಗೆ ಫೀ 40,000, ಪುಸ್ತಕ 10,800, ಸಮವಸ್ತ್ರ ಮತ್ತು ಬ್ಯಾಗು 11,000, ವ್ಯಾನ್ 2,800, ಟ್ಯೂಷನ್ ನೋಂದಣಿ ಸೇರಿ 2,600, ಚಿಲ್ಲರೆ 200. ಒಟ್ಟು 67,400. ವರ್ಷದ ಪ್ರತಿ ನೂರು ರೂಪಾಯಿಯಲ್ಲಿ 41ಕ್ಕಿಂತ ಹೆಚ್ಚು ಈ ಐದಾರು ವಾರಗಳಲ್ಲೇ ಹೋಗುತ್ತದೆ. ಆಮೇಲೆ ಸಾಮಾನ್ಯ ತಿಂಗಳಿನಲ್ಲಿ ವ್ಯಾನ್, ಟ್ಯೂಷನ್, ಚಿಲ್ಲರೆ ಸೇರಿ 5,100 ಮಾತ್ರ. ಸೆಪ್ಟೆಂಬರ್‌ನಲ್ಲಿ ಅದು 25,100ಕ್ಕೆ ಏರುತ್ತದೆ. ಡಿಸೆಂಬರ್‌ನಲ್ಲಿ ಕಂತಿನ ಜೊತೆಗೆ ಪ್ರವಾಸವೂ ವಾರ್ಷಿಕೋತ್ಸವವೂ ಬಂದು 29,800 ಆಗುತ್ತದೆ. ಜೂನ್‌ನಲ್ಲಿ ಒಡವೆ ಅಡವಿಟ್ಟು, ಕೈಸಾಲ ಮಾಡಿ ಫೀ ಕಟ್ಟುವ ಎಷ್ಟೋ ಮನೆಗಳ ವರ್ಷದ ಆದಾಯ ಈ ಖರ್ಚಿಗೆ ಸಾಲುವಂಥದೇ ಇರುತ್ತದೆ. ಆ ಒಂದು ತಿಂಗಳಿಗೆ ಸಾಲದೆ ಬಡ್ಡಿ ಕಟ್ಟಬೇಕಾಗುತ್ತದೆ.

ಇದಕ್ಕೆ ಮದ್ದು ಜುಲೈಯಿಂದಲೇ ತಿಂಗಳಿಗೆ 14,175 ಖರ್ಚಾಗುತ್ತಿದೆ ಎಂದೇ ಭಾವಿಸುವುದು. 5,100 ನಿಜವಾಗಿ ಹೋಗುತ್ತದೆ, ಉಳಿದ 9,075 ಬೇರೆ ಉಳಿತಾಯ ಖಾತೆಗೆ ಬೀಳಬೇಕು. ಸೆಪ್ಟೆಂಬರ್ ಹೊತ್ತಿಗೆ ಅದರಲ್ಲಿ 27,225 ಸೇರಿರುತ್ತದೆ, 20,000 ಕಂತು ಕಟ್ಟಿದ ಮೇಲೆ 7,225 ಉಳಿಯುತ್ತದೆ. ಡಿಸೆಂಬರಿನ ಕಂತು ಮತ್ತು ಪ್ರವಾಸ ಕಳೆದ ಮೇಲೂ 9,750 ಇರುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ಸೇರುವ ಹಣ, ಏಪ್ರಿಲ್‌ನಲ್ಲಿ ಟ್ಯೂಷನ್ ಇಲ್ಲದೆ ಉಳಿಯುವುದು, ಮೇನಲ್ಲಿ ವ್ಯಾನೂ ಇಲ್ಲದೆ ಪೂರ್ತಿ ಉಳಿಯುವುದು ಎಲ್ಲ ಸೇರಿ, ನಡುವಿನ ಶೂ ಮತ್ತು ಒಲಿಂಪಿಯಾಡ್ ಖರ್ಚು ಕಳೆದರೂ ಮೇ ಕೊನೆಗೆ 61,000 ದಾಟಿರುತ್ತದೆ. ಜೂನ್ ತಿಂಗಳ ಪಾಲು ಸೇರಿದರೆ 75,500. ಊಹಿಸದ ಖರ್ಚಿಗೆ ಇಟ್ಟ ಹಣಕ್ಕೆ ಕೈ ಹಚ್ಚದಿದ್ದರೆ ಮುಂದಿನ ಜೂನ್‌ನ 67,400ಕ್ಕೆ ಇದು ಸಾಕಾಗಿ ಫೀ ಏರಿಕೆಗೂ ಸ್ವಲ್ಪ ಮಿಗುತ್ತದೆ. ಆವರ್ತ ಠೇವಣಿ ಒಳ್ಳೆಯದೇ, ಆದರೆ ಪೂರ್ತಿ 9,075ನ್ನು ಅದಕ್ಕೆ ಹಾಕಿದರೆ ಸೆಪ್ಟೆಂಬರ್ ಕಂತಿಗೆ ಅವಧಿಗೆ ಮುಂಚೆ ಮುರಿಯಬೇಕಾಗುತ್ತದೆ. ಚೀಟಿ ಹಾಕುವವರು ಮೇ ತಿಂಗಳಿಗೇ ಹಣ ಎತ್ತುವುದು ಖಚಿತವೇ ಎಂದು ನೋಡಿಕೊಳ್ಳಬೇಕು.

ಆದಾಯ ತೆರಿಗೆ ಕಟ್ಟುವ ಮನೆಗೆ ಒಂದು ಸಣ್ಣ ಲೆಕ್ಕ ಉಳಿದಿದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ, 1.5 ಲಕ್ಷದ ಒಟ್ಟು ಮಿತಿಯೊಳಗೆ, ಇಬ್ಬರು ಮಕ್ಕಳ ಬೋಧನಾ ಶುಲ್ಕಕ್ಕೆ ವಿನಾಯಿತಿ ಇದೆ. ಉದಾಹರಣೆಯ ಮನೆಯಲ್ಲಿ ಅದು ಮಗಳ 38,000 ಮತ್ತು ರಿಯಾಯಿತಿ ಕಳೆದ ಮಗನ 27,000, ಒಟ್ಟು 65,000. ಅಭಿವೃದ್ಧಿ ಶುಲ್ಕ, ವ್ಯಾನ್, ಪುಸ್ತಕ, ಮನೆಪಾಠ ಯಾವುದೂ ಇದಕ್ಕೆ ಬರುವುದಿಲ್ಲ. ರಸೀದಿಯಲ್ಲಿ ಎಲ್ಲವನ್ನೂ 'ಸ್ಕೂಲ್ ಫೀ' ಎಂದು ಒಂದೇ ಸಾಲಿನಲ್ಲಿ ಬರೆದಿದ್ದರೆ ಬೋಧನಾ ಶುಲ್ಕವನ್ನು ಬೇರೆ ತೋರಿಸಿದ ರಸೀದಿ ಕೇಳಿ ಪಡೆಯಬೇಕು.

ಅಂದಾಜು ಸರಿಯಿತ್ತೇ ಎಂದು ತಿಳಿಯುವುದು ಮಾರ್ಚ್‌ನಲ್ಲಿ. ಫೋನಿನ ಯುಪಿಐ ಪಾವತಿಗಳಲ್ಲಿ ಶಾಲೆ, ವ್ಯಾನು, ಟೀಚರು, ಪುಸ್ತಕದ ಅಂಗಡಿ ಎಂದು ಹುಡುಕಿ ಕೂಡಿದರೆ ನಿಜವಾದ ಮೊತ್ತ ಸಿಗುತ್ತದೆ. ಅದನ್ನು ಬಾಬ್ತುವಾರು ಅಂದಾಜಿನ ಪಕ್ಕದಲ್ಲಿ ಇಟ್ಟು ನೋಡಬೇಕು. ಒಟ್ಟು ಮೊತ್ತ ಹೊಂದಿದರೂ ಟ್ಯೂಷನ್‌ನಲ್ಲಿ ಹೆಚ್ಚಾದದ್ದು ಸಮವಸ್ತ್ರದಲ್ಲಿ ಕಡಿಮೆಯಾಗಿ ಮುಚ್ಚಿಹೋಗಿರಬಹುದು. ಮುಂದಿನ ವರ್ಷಕ್ಕೆ ಇಡೀ ಮೊತ್ತಕ್ಕೆ ಶೇ 10 ಸೇರಿಸಿ ಕೈತೊಳೆದುಕೊಂಡರೆ ಅಂದಾಜು ಮತ್ತೆ ತಪ್ಪುತ್ತದೆ, ಏಕೆಂದರೆ ಬಾಬ್ತುಗಳು ಒಂದೇ ಪ್ರಮಾಣದಲ್ಲಿ ಏರುವುದಿಲ್ಲ. 9ನೇ ತರಗತಿಗೆ ಹೋಗುವ ಮಗಳಿಗೆ ಹಿಂದಿನ ವರ್ಷದ ಚೂಡಿದಾರ್ ಇರುವುದರಿಂದ ಸಮವಸ್ತ್ರದಲ್ಲಿ 1,400 ಇಳಿಯುತ್ತದೆ. ಫೀ ಶೇ 10 ಏರಿದರೆ 8,000 ಹೆಚ್ಚುತ್ತದೆ. ಅವಳು ಎಸ್‌ಎಸ್‌ಎಲ್‌ಸಿಗೆ ಬರುವ ವರ್ಷ ಟ್ಯೂಷನ್ 1,500ರಿಂದ 3,000ಕ್ಕೆ ಹೋದರೆ ಅದೊಂದರಿಂದಲೇ ಹತ್ತು ತಿಂಗಳಿಗೆ 15,000 ಹೆಚ್ಚು ಬೇಕಾಗುತ್ತದೆ.